ಪ್ಲೈವುಡ್ ಕೊಯ್ಯುವ ಮೊದಲು ಆಚಾರ್ರಿಗೊಂದು ಮೆಸೇಜು

‘ಮಗಳಿಗೆ ಓದೋ ಟೇಬಲ್, ಬುಕ್ ಶೆಲ್ಫ್ ಮಾಡ್ಬೇಕು. ಒಳ್ಳೆ ಚಾನಲ್, ಒಳ್ಳೆ ಹಿಂಜ್, ಒಳ್ಳೆ ಹ್ಯಾಂಡಲ್ ಹಾಕ್ಬಿಡಿ.’

ಮರಗೆಲಸದವರ ಮೊಬೈಲಿಗೆ ಹೋಗುವ ಮೆಸೇಜುಗಳು ಹೆಚ್ಚಾಗಿ ಹೀಗೇ ಇರುತ್ತವೆ. ಇದನ್ನು ಹಿಡಿದು ಆಚಾರ್ರು ಹಾರ್ಡ್‌ವೇರ್ ಅಂಗಡಿಗೆ ಹೋದರೆ ಕೌಂಟರಿನಲ್ಲಿರುವವನು ಕೇಳುವ ಮೊದಲ ಪ್ರಶ್ನೆಗೇ ಉತ್ತರವಿರುವುದಿಲ್ಲ. ಚಾನಲ್ ಎಷ್ಟು ಇಂಚಿನದು? ಹಿಂಜ್ ಝೀರೋ ಕ್ರ್ಯಾಂಕೋ, ಹದಿನಾರೋ? ಆಚಾರ್ರು ತಮಗೆ ತೋಚಿದ್ದನ್ನು, ಇಲ್ಲವೇ ಅಂಗಡಿಯಲ್ಲಿ ಆ ಹೊತ್ತಿಗೆ ಇದ್ದದ್ದನ್ನು ತರುತ್ತಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ‘ಒಳ್ಳೆಯದು’ ಎನ್ನುವ ಅಳತೆಯ ಚಾನಲ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ನಮ್ಮಲ್ಲಿ ಹಾರ್ಡ್‌ವೇರ್ ಎಂದರೆ ಕೊನೆಯ ಕೆಲಸ. ಮೊದಲು ಪ್ಲೈವುಡ್ ಬರುತ್ತದೆ, ಕೊಯ್ಯುತ್ತಾರೆ, ಪೆಟ್ಟಿಗೆ ಜೋಡಿಸುತ್ತಾರೆ, ಮೈಕಾ ಅಂಟಿಸುತ್ತಾರೆ. ಆಮೇಲೊಂದು ದಿನ ‘ಹಾರ್ಡ್‌ವೇರ್ ತರ್ಬೇಕು’ ಎಂದು ದುಡ್ಡು ಕೇಳುತ್ತಾರೆ. ಕದ, ಕಿಟಕಿಯ ಕಾಲಕ್ಕೆ ಈ ಕ್ರಮ ಸರಿಯಾಗಿಯೇ ಇತ್ತು. ಮರಕ್ಕೆ ತಕ್ಕ ಕೀಲನ್ನು ಉಳಿಯಿಂದ ಕೆತ್ತಿ ಕೂರಿಸಿದರೆ ಮುಗಿಯುತ್ತಿತ್ತು. ಪ್ಲೈವುಡ್ ಪೆಟ್ಟಿಗೆಯಲ್ಲಿ ಅದು ತಿರುವುಮುರುವಾಗಿದೆ. ಡ್ರಾಯರ್ ಎಷ್ಟು ಅಗಲ ಇರಬೇಕು ಎನ್ನುವುದನ್ನು ಚಾನಲ್ ಹೇಳುತ್ತದೆ. ಬಾಗಿಲು ಎಷ್ಟು ದೊಡ್ಡದಿರಬೇಕು ಎನ್ನುವುದನ್ನು ಹಿಂಜ್ ಹೇಳುತ್ತದೆ. ಹಾಗಾಗಿ ಹಾರ್ಡ್‌ವೇರಿನ ಪಟ್ಟಿ ಗರಗಸಕ್ಕಿಂತ ಮೊದಲು ಹೋಗಬೇಕು. ಪಟ್ಟಿ ಉದ್ದವಿರಬೇಕಿಲ್ಲ, ಮೊಬೈಲಿನ ಒಂದು ಪರದೆಯಲ್ಲಿ ಹಿಡಿಯುವಷ್ಟಿದ್ದರೆ ಸಾಕು.

ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ನಾಲ್ಕನೇ ಕ್ಲಾಸಿನ ಹುಡುಗಿ. ಅವಳಿಗೆ 4 ಅಡಿ ಅಗಲ, 2 ಅಡಿ ಆಳದ ಮೇಜು. ಬಲಗಡೆ ಎರಡು ಡ್ರಾಯರ್ ಇರುವ, 400 ಎಂಎಂ ಅಗಲದ, 500 ಎಂಎಂ ಆಳದ ಪೆಟ್ಟಿಗೆ. ಎಡಗಡೆ ಬರೀ ಒಂದು ಹಲಗೆಯ ಕಾಲು. ಮೇಜಿನ ನಡುಮಧ್ಯೆ, ತೊಡೆಯ ಮೇಲೆ ಬರುವಂತೆ ಡ್ರಾಯರ್ ಇಡುವ ರೂಢಿಯೂ ಇದೆ. ಮಕ್ಕಳ ಮೇಜಿಗೆ ಅದು ಬೇಡ. ಐದಿಂಚಿನ ಡ್ರಾಯರ್ ತೊಡೆಗೆ ತಾಗದಿರಲಿ ಎಂದು ಮೇಜನ್ನೇ ಎತ್ತರಿಸಬೇಕಾಗುತ್ತದೆ, ಆಗ ಮಗು ಭುಜ ಎತ್ತಿಕೊಂಡು ಬರೆಯುತ್ತದೆ. ಪಕ್ಕದಲ್ಲಿ ಪುಸ್ತಕದ ಕಪಾಟು: 3 ಅಡಿ ಅಗಲ, 4 ಅಡಿ ಎತ್ತರ, 1 ಅಡಿ ಆಳ, ನಡುವೆ ಒಂದು ನಿಲುವು ಹಲಗೆ, ಕೆಳಗೆ ಎರಡು ಬಾಗಿಲು, ಮೇಲೆ ತೆರೆದ ಖಾನೆಗಳು. ಎಲ್ಲವೂ 18 ಎಂಎಂ ಪ್ಲೈವುಡ್, ಡ್ರಾಯರಿನ ಬದಿಗಳು ಮಾತ್ರ 12 ಎಂಎಂ.

ಇದಕ್ಕೆ ಕಳಿಸಬೇಕಾದ ಮೆಸೇಜು ಇಷ್ಟು:

ಆಚಾರ್ರೇ ನಮಸ್ಕಾರ. ಮಗಳ ಮೇಜು, ಕಪಾಟಿಗೆ ಬೇಕಾದ ಹಾರ್ಡ್‌ವೇರ್:
1. ಟೆಲಿಸ್ಕೋಪಿಕ್ ಚಾನಲ್, ಸಾಫ್ಟ್ ಕ್ಲೋಸ್, 18 ಇಂಚು – 2 ಜೊತೆ (ಮೇಜಿನ ಡ್ರಾಯರ್)
2. ಹಿಂಜ್, ಸಾಫ್ಟ್ ಕ್ಲೋಸ್, 0 ಕ್ರ್ಯಾಂಕ್ – 4 (ಕಪಾಟಿನ ಬಾಗಿಲು. ಬಾಗಿಲು ಪೆಟ್ಟಿಗೆಯ ಮೇಲೆ ಕೂರಬೇಕು, ಒಳಗಲ್ಲ)
3. ಹ್ಯಾಂಡಲ್ 96 ಎಂಎಂ, ಮೂಲೆ ದುಂಡಗಿರಲಿ – 4. ಡ್ರಾಯರಿಗೆ 40 ಎಂಎಂ ಬೋಲ್ಟ್, ಬಾಗಿಲಿಗೆ 25
4. ಶೆಲ್ಫ್ ಪಿನ್, ಸ್ಟೀಲ್, 5 ಎಂಎಂ – 8
5. ಚಾನಲ್ ಸ್ಕ್ರೂ: ಪೆಟ್ಟಿಗೆಗೆ 16 ಎಂಎಂ, ಡ್ರಾಯರ್ ಬದಿಗೆ 12 ಎಂಎಂ
6. ಕಪಾಟು ಗೋಡೆಗೆ ಹಿಡಿಸಲು 8 ಎಂಎಂ ಪ್ಲಗ್, 3 ಇಂಚು 10 ನಂಬರ್ ಸ್ಕ್ರೂ – 2. ಗೋಡೆ ಇಟ್ಟಿಗೆಯದು, ಸ್ಕರ್ಟಿಂಗ್ ಇದೆ
7. ವೈರ್ ಮ್ಯಾನೇಜರ್ 60 ಎಂಎಂ – 1 (ಮೇಜಿನ ಹಿಂದೆ ಎಡಮೂಲೆ)
8. ಅಡಿಗೆ ಬುಷ್ – 12
ಬೀಗ ಬೇಡ. ಚಾನಲ್ ಕೈಗೆ ಬಂದಮೇಲೆ ಡ್ರಾಯರ್ ಕೊಯ್ಯಿರಿ. ಅಂಗಡಿಯವರು ಬೇರೆ ಏನಾದರೂ ಕೊಟ್ಟರೆ ಮೊದಲು ಫೋಟೊ ಕಳಿಸಿ.

ಇದರಲ್ಲಿ ಹೆಚ್ಚಿನ ಸಾಲುಗಳಿಗೆ ಒಂದು ಅಳತೆ, ಒಂದು ಲೆಕ್ಕ, ಎಲ್ಲಿಗೆ ಎನ್ನುವ ಸೂಚನೆ ಇದೆ. ಇನ್ನು ಈ ಅಂಕಿಗಳು ಎಲ್ಲಿಂದ ಬಂದವು ಎಂದು ನೋಡೋಣ. ಎಲ್ಲವೂ ಸಮಾನ ತೂಕದವಲ್ಲ. ಚಾನಲ್, ಸ್ಕ್ರೂ, ಗೋಡೆಯ ಪ್ಲಗ್ – ಈ ಮೂರರಲ್ಲಿ ಎಡವಟ್ಟಾದರೆ ಆಮೇಲೆ ಸರಿಮಾಡುವುದು ಕಷ್ಟ. ಮಿಕ್ಕವು ಹೇಗೋ ನಡೆಯುತ್ತವೆ.

ಚಾನಲ್ ಎಂದರೆ ಡ್ರಾಯರ್ ಜಾರುವ ಉಕ್ಕಿನ ಹಳಿ. ಟೆಲಿಸ್ಕೋಪಿಕ್ ಎನ್ನುವುದು ಮೂರು ಪದರದ್ದು, ನಡುವೆ ಸಣ್ಣ ಉಕ್ಕಿನ ಗುಂಡುಗಳು ಓಡುತ್ತವೆ, ಡ್ರಾಯರ್ ಪೂರ್ತಿ ಹೊರಗೆ ಬರುತ್ತದೆ. ಇದು 10 ಇಂಚಿನಿಂದ 24 ಇಂಚಿನವರೆಗೆ ಎರಡೆರಡು ಇಂಚಿನ ಅಂತರದಲ್ಲಿ ಸಿಗುತ್ತದೆ. ನಮ್ಮ ಪೆಟ್ಟಿಗೆಯ ಆಳ 500 ಎಂಎಂ. ಹಿಂಬದಿಯ ಪ್ಲೈವುಡ್ ಕಳೆದರೆ ಒಳಗೆ 490 ಎಂಎಂ ಚಿಲ್ಲರೆ ಉಳಿಯುತ್ತದೆ. 20 ಇಂಚಿನ ಚಾನಲ್ಲೇ 500 ಎಂಎಂ ಇರುವುದರಿಂದ ಅದು ಒಳಗೆ ಹೋಗುವುದಿಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು 18 ಇಂಚು, ಅಂದರೆ 450 ಎಂಎಂ. ಮೇಜು 600 ಎಂಎಂ ಆಳವಿದ್ದೂ ಪೆಟ್ಟಿಗೆಯನ್ನು 500ಕ್ಕೆ ನಿಲ್ಲಿಸಿದ್ದೇಕೆ ಎಂದರೆ, ಹಿಂದೆ ಟೇಬಲ್ ಲ್ಯಾಂಪಿನ ವೈರು, ಪ್ಲಗ್ ಪಾಯಿಂಟು ಇರಲು ಜಾಗ ಬೇಕು.

ಅಗಲದ ಲೆಕ್ಕದಲ್ಲಿಯೇ ಹೆಚ್ಚಿನ ಡ್ರಾಯರುಗಳು ಕೆಡುವುದು. ಒಂದೊಂದು ಚಾನಲ್ಲಿಗೂ ಅರ್ಧ ಇಂಚು ಜಾಗ ಬೇಕು, ಎರಡೂ ಕಡೆ ಸೇರಿ ಸುಮಾರು 26 ಎಂಎಂ. ಪೆಟ್ಟಿಗೆಯ ಹೊರಗಿನ ಅಗಲ 400. ಬದಿಯ ಹಲಗೆಗಳು 18, 18. ಹಾಗಾಗಿ ಒಳಗೆ 364, ಡ್ರಾಯರ್ 338 ಎಂದು ಕಾಗದದ ಮೇಲೆ ಬರುತ್ತದೆ. ಆದರೆ 18 ಎಂಎಂ ಪ್ಲೈವುಡ್ಡಿಗೆ ಹೊರಗೆ 1 ಎಂಎಂ ಮೈಕಾ, ಒಳಗೆ ಇನ್ನೊಂದು ತೆಳು ಮೈಕಾ ಅಂಟಿದ ಮೇಲೆ ಅದು 18 ಆಗಿ ಉಳಿಯುವುದಿಲ್ಲ. ಫೆವಿಕಾಲಿನ ಪದರವೂ ಸೇರಿ 20ರ ಹತ್ತಿರ ಹೋಗುತ್ತದೆ. ಆಗ ಒಳಗಿನ ಜಾಗ 360, ಡ್ರಾಯರ್ 334. ಕಾಗದದ ಲೆಕ್ಕಕ್ಕೂ ನಿಜದ ಲೆಕ್ಕಕ್ಕೂ 4 ಎಂಎಂ ವ್ಯತ್ಯಾಸ.

ನಾಲ್ಕು ಎಂಎಂ ಎಂದರೆ ಏನು ಮಹಾ ಅನ್ನಿಸಬಹುದು. ಗುಂಡಿನ ಚಾನಲ್ ಒಂದು ಎಂಎಂ ಹೆಚ್ಚುಕಡಿಮೆ ತಡೆದೀತು, ನಾಲ್ಕನ್ನು ತಡೆಯುವುದಿಲ್ಲ. ಡ್ರಾಯರ್ ದಪ್ಪವಾದರೆ ಚಾನಲ್ ಬಿಗಿಯಾಗಿ, ಗುಂಡುಗಳು ಕರಕರ ಎನ್ನುತ್ತ ಓಡುತ್ತವೆ, ಮಗು ಎರಡು ಕೈ ಹಾಕಿ ಎಳೆಯಬೇಕಾಗುತ್ತದೆ. ಡ್ರಾಯರ್ ಸಣ್ಣದಾದರೆ ಆಚಾರ್ರು ನಡುವೆ ಮೈಕಾದ ತುಂಡುಗಳನ್ನು ತುರುಕಿ ಸರಿದೂಗಿಸುತ್ತಾರೆ. ಅದು ತಪ್ಪೇನಲ್ಲ, ಎರಡೂ ಕಡೆ ಸಮವಾಗಿ ತುರುಕಿದ್ದರೆ ವರ್ಷಗಟ್ಟಲೆ ನಡೆಯುತ್ತದೆ. ದಪ್ಪವಾದ ಡ್ರಾಯರಿಗೆ ಮಾತ್ರ ಬಿಚ್ಚಿ ಮತ್ತೆ ಕೊಯ್ಯುವುದೊಂದೇ ದಾರಿ. ‘ಚಾನಲ್ ಕೈಗೆ ಬಂದಮೇಲೆ ಡ್ರಾಯರ್ ಕೊಯ್ಯಿರಿ’ ಎಂಬ ಸಾಲು ಮೆಸೇಜಿನಲ್ಲಿ ಇರುವುದು ಇದಕ್ಕೇ. ಪೆಟ್ಟಿಗೆಗೆ ಮೈಕಾ ಅಂಟಿ ಒಣಗಿದ ಮೇಲೆ ಒಳಗಿನ ಅಗಲವನ್ನು ಮುಂದೆ, ಹಿಂದೆ ಎರಡು ಕಡೆ ಟೇಪು ಹಿಡಿದು ಅಳೆದು, ಆ ಅಂಕಿಯಿಂದ 26 ಕಳೆದು ಕೊಯ್ದರೆ ಡ್ರಾಯರ್ ಬೆರಳ ತುದಿಯಲ್ಲಿ ಓಡುತ್ತದೆ.

ಸಾಫ್ಟ್ ಕ್ಲೋಸ್ ಬೇಕೇ? ಮಕ್ಕಳ ಮೇಜಿಗೆ ಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಅದು ಏನು ಮಾಡುತ್ತದೆ ಎನ್ನುವುದು ಗೊತ್ತಿರಲಿ. ಡ್ರಾಯರ್ ಮುಚ್ಚುವ ಕೊನೆಯ ಒಂದೆರಡು ಇಂಚಿನಲ್ಲಿ ಮಾತ್ರ ಅದು ವೇಗ ತಗ್ಗಿಸಿ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಬಡಿತ ತಪ್ಪುತ್ತದೆ, ಬೆರಳು ಜಜ್ಜುವುದು ಕಡಿಮೆಯಾಗುತ್ತದೆ, ಪೂರ್ತಿ ತಪ್ಪುವುದಿಲ್ಲ. ಹ್ಯಾಂಡಲ್ಲೇ ಇಲ್ಲದೆ ಒತ್ತಿದರೆ ತೆರೆದುಕೊಳ್ಳುವ ಚಾನಲ್ ಒಂದಿದೆ, ನೋಡಲು ಚೆಂದ. ಮಂಡಿ ತಾಗಿದರೂ ಅದು ತೆರೆದುಕೊಳ್ಳುವುದರಿಂದ ಮಕ್ಕಳ ಮೇಜಿಗೆ ಸಲ್ಲದು.

ಅಂಗಡಿಯಲ್ಲಿ ಒಳ್ಳೆಯ ಚಾನಲ್ಲನ್ನು ಗುರುತಿಸುವುದು ಸುಲಭ. ಕೈಯಲ್ಲಿ ಹಿಡಿದು ಪೂರ್ತಿ ಎಳೆಯಿರಿ. ಎಳೆದ ತುದಿಯನ್ನು ಎಡಕ್ಕೆ ಬಲಕ್ಕೆ ಅಲುಗಿಸಿ. ತುಸು ಆಡುವುದು ಸಹಜ, ಲಟಲಟ ಎಂದರೆ ತಗಡು ತೆಳು. ಪ್ಯಾಕಿನ ಮೇಲೆ ಎಷ್ಟು ಕೆಜಿ ತಡೆಯುತ್ತದೆ ಎಂದು ಮುದ್ರಿಸಿರುತ್ತಾರೆ. 35 ಅಥವಾ 45 ಎಂದಿದ್ದರೆ ಸಾಕು. ಪುಸ್ತಕಕ್ಕೆ ಅಷ್ಟು ಬೇಕಿಲ್ಲ ನಿಜ. ತೆರೆದ ಡ್ರಾಯರಿನ ಮೇಲೆ ಮಗು ಕೈಯೂರಿ ಒರಗುತ್ತದೆ, ಆ ತೂಕವನ್ನು ಲೆಕ್ಕಕ್ಕೆ ಹಿಡಿಯಬೇಕು. ಎಬ್ಕೊ, ಹೆಟಿಕ್, ಹಾಫೆಲೆ ಎಂದು ಕಂಪನಿಗಳು ಹಲವಿವೆ. ಯಾವುದು ಎನ್ನುವುದು ನಿಮ್ಮ ಜೇಬಿನ ಮಾತು. ಮೆಟೀರಿಯಲ್ ಸಮೇತ ಗುತ್ತಿಗೆ ಕೊಟ್ಟಿದ್ದರೆ ಮಾತ್ರ ಕಂಪನಿಯ ಹೆಸರನ್ನೂ ಮೆಸೇಜಿನಲ್ಲಿ ಬರೆಯಿರಿ. ಹೆಸರಿಲ್ಲದಿದ್ದರೆ ಅಗ್ಗದ್ದು ಬರುತ್ತದೆ, ಬಂದ ಮೇಲೆ ಜಗಳವಾಡಲು ಕೈಯಲ್ಲಿ ಏನೂ ಇರುವುದಿಲ್ಲ.

ಈಗ ಸ್ಕ್ರೂ. ಇಡೀ ಪಟ್ಟಿಯಲ್ಲಿ ಅತಿ ಅಗ್ಗದ ಸಾಲು ಇದು, ಮಗುವಿನ ಕೈಗೆ ನೇರವಾಗಿ ತಾಗುವುದೂ ಇದೇ. ಚಾನಲ್ಲಿನ ಒಂದು ಪದರ ಪೆಟ್ಟಿಗೆಯ ಬದಿಗೆ, ಇನ್ನೊಂದು ಡ್ರಾಯರಿನ ಬದಿಗೆ ಹೊರಗಡೆಯಿಂದ ಸ್ಕ್ರೂ ಆಗುತ್ತದೆ. ಪೆಟ್ಟಿಗೆ 18 ಎಂಎಂ, ಅಲ್ಲಿ 16 ಎಂಎಂ ಸ್ಕ್ರೂ ಆರಾಮವಾಗಿ ಕೂರುತ್ತದೆ. ಆಚಾರ್ರ ಡಬ್ಬಿಯಲ್ಲಿ ಇರುವುದೂ ಅದೇ. ಅದೇ ಸ್ಕ್ರೂವನ್ನು 12 ಎಂಎಂ ಡ್ರಾಯರ್ ಬದಿಗೂ ಹೊಡೆದರೆ ಚಾನಲ್ಲಿನ ತಗಡಿನ ದಪ್ಪ ಒಂದೂ ಚಿಲ್ಲರೆ ಎಂಎಂ ಕಳೆದರೂ ಇನ್ನೂ 14 ಎಂಎಂಗಿಂತ ಹೆಚ್ಚು ಉಳಿಯುತ್ತದೆ, 12 ಎಂಎಂ ಹಲಗೆಯನ್ನು ದಾಟಿ ಎರಡು ಎಂಎಂ ಮೊನೆ ಡ್ರಾಯರಿನ ಒಳಗೆ ಇಣುಕುತ್ತದೆ. ಕಣ್ಣಿಗೆ ಬೀಳುವುದಿಲ್ಲ. ಬಣ್ಣದ ಪೆನ್ಸಿಲ್ ಹುಡುಕುತ್ತ ಮೂಲೆಗೆ ಕೈ ಹಾಕಿದಾಗ ಗೊತ್ತಾಗುತ್ತದೆ. ಒಳಗೂ ತೆಳು ಮೈಕಾ ಅಂಟಿಸಿದ್ದರೆ ಕೆಲವೊಮ್ಮೆ ಮೊನೆ ಅದನ್ನು ಒಡೆಯದೆ ಉಬ್ಬಿಸುತ್ತದೆ, ತಿಂಗಳುಗಳ ನಂತರ ಅಲ್ಲಿಂದ ಚಕ್ಕೆ ಏಳುತ್ತದೆ. ಡ್ರಾಯರ್ ಬದಿಗೆ 12 ಎಂಎಂ ಸ್ಕ್ರೂ ಎಂದು ಬೇರೆಯಾಗಿ ಬರೆದದ್ದು ಇಷ್ಟಕ್ಕೇ.

ಹ್ಯಾಂಡಲ್ಲಿನ ಬೋಲ್ಟಿನದು ಇದರ ಉಲ್ಟಾ ತೊಂದರೆ. ಹ್ಯಾಂಡಲ್ ಪ್ಯಾಕಿನಲ್ಲಿ ಸಾಮಾನ್ಯವಾಗಿ 25 ಎಂಎಂ ಬೋಲ್ಟ್ ಬರುತ್ತದೆ. ಮೈಕಾ ಸೇರಿ 20 ಎಂಎಂ ಇರುವ ಬಾಗಿಲಿಗೆ ಅದು ಸರಿ. ಡ್ರಾಯರಿಗೆ ಎರಡು ಪದರ ಇರುತ್ತದೆ: ಡ್ರಾಯರಿನದೇ 12 ಎಂಎಂ ಮುಂಬದಿ, ಅದರ ಮುಂದೆ 20 ಎಂಎಂ ಮುಖದ ಹಲಗೆ. ಒಟ್ಟು 32, ಒಳಗೂ ಮೈಕಾ ಇದ್ದರೆ 33. ಇಪ್ಪತ್ತೈದರ ಬೋಲ್ಟ್ ಹಲಗೆಯೊಳಗೇ ಮುಗಿದುಹೋಗುತ್ತದೆ. ಆಗ ಕೆಲವರು ಒಳಗಿನ ಪದರದಲ್ಲಿ ದೊಡ್ಡ ರಂಧ್ರ ಕೊರೆದು ಬೋಲ್ಟಿನ ತಲೆಯನ್ನು ಒಳಗೆ ಹೂಳುತ್ತಾರೆ. ಹಾಗೆ ಮಾಡಿದರೆ ಹ್ಯಾಂಡಲ್ ಹಿಡಿದಿರುವುದು ಮುಖದ ಹಲಗೆಯೊಂದನ್ನೇ. ಎಳೆದಾಗಲೆಲ್ಲ ಆ ಹಲಗೆ ಡ್ರಾಯರಿನಿಂದ ಕಳಚಿಕೊಳ್ಳಲು ನೋಡುತ್ತದೆ. 40 ಎಂಎಂ ಬೋಲ್ಟ್ ಎರಡು ಪದರಗಳನ್ನೂ ಸೇರಿಸಿ ಹಿಡಿಯುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ, ಕೇಳಿ ತರಬೇಕಷ್ಟೆ. 96 ಎಂಎಂ ಎಂದರೆ ಹ್ಯಾಂಡಲ್ಲಿನ ಉದ್ದವಲ್ಲ, ಅದರ ಎರಡು ಬೋಲ್ಟ್ ರಂಧ್ರಗಳ ನಡುವಿನ ದೂರ. ಮುಂದೆ ಹ್ಯಾಂಡಲ್ ಬದಲಿಸಬೇಕೆನಿಸಿದರೆ ಇದೇ ಅಂಕಿ ಉಪಯೋಗಕ್ಕೆ ಬರುತ್ತದೆ.

ಹಿಂಜಿನ ಕ್ರ್ಯಾಂಕ್ ಎಂದರೆ ಅದರ ತೋಳಿನ ಬಾಗು. ಬಾಗಿಲು ಪೆಟ್ಟಿಗೆಯ ಬದಿಯನ್ನು ಪೂರ್ತಿ ಮುಚ್ಚುವಂತೆ ಮೇಲೆ ಕೂರುವುದಾದರೆ ತೋಳು ನೇರ, ಅದು ಝೀರೋ. ಎರಡು ಬಾಗಿಲು ಒಂದೇ ನಡುಹಲಗೆಗೆ ಕೀಲಾಗಿ ಅದನ್ನು ಹಂಚಿಕೊಳ್ಳುವುದಾದರೆ ಅರ್ಧ ಬಾಗು, ಅಂಗಡಿಯ ಮಾತಿನಲ್ಲಿ 8. ಬಾಗಿಲು ಪೆಟ್ಟಿಗೆಯ ಒಳಗೆ, ಅಂಚಿಗೆ ಸಮವಾಗಿ ಕೂರುವುದಾದರೆ ಪೂರ್ತಿ ಬಾಗು, 16. ಕಪಾಟಿಗೆ ನಡುಹಲಗೆ ಇದ್ದರೂ ಬಾಗಿಲುಗಳ ಕೀಲು ಇರುವುದು ಹೊರಗಿನ ಬದಿಗಳಲ್ಲಿ. ಹಾಗಾಗಿ ನಾಲ್ಕೂ ಝೀರೋ. ಕ್ರ್ಯಾಂಕ್ ತಪ್ಪಿದ ಹಿಂಜನ್ನು ಸ್ಕ್ರೂ ತಿರುಗಿಸಿ ಹೊಂದಿಸಲಾಗುವುದಿಲ್ಲ. ಹಿಂಜಿನ ಸ್ಕ್ರೂಗಳು ಸರಿಪಡಿಸುವುದು ಒಂದೆರಡು ಎಂಎಂ ಮಾತ್ರ. ಕ್ರ್ಯಾಂಕಿನ ಅಂಕಿ ನೆನಪಿರದಿದ್ದರೂ ಚಿಂತೆಯಿಲ್ಲ, ‘ಬಾಗಿಲು ಮೇಲೆ ಕೂರಬೇಕು, ಒಳಗಲ್ಲ’ ಎಂದು ಬರೆದರೆ ಆಚಾರ್ರಿಗೆ ಅರ್ಥವಾಗುತ್ತದೆ. ಸುಮಾರು ಮೂರಡಿ ಎತ್ತರದ ಬಾಗಿಲಿನವರೆಗೆ ಎರಡು ಹಿಂಜ್ ಸಾಕು.

ಕಪಾಟಿನ ಖಾನೆಗೆ ಬರೋಣ. ಒಂದಡಿ ಉದ್ದ ಸಾಲಾಗಿ ಜೋಡಿಸಿದ ಶಾಲಾ ಪುಸ್ತಕಗಳು ಎಂಟರಿಂದ ಹತ್ತು ಕೆಜಿ ತೂಗುತ್ತವೆ. ಮೂರಡಿ ಹಲಗೆಯ ತುಂಬ ಪುಸ್ತಕವಿಟ್ಟರೆ ಅದು ಅಕ್ಕಿಮೂಟೆಯಷ್ಟು ಭಾರ. ಹಲಗೆ ಮುರಿಯುವುದಿಲ್ಲ, ನಡು ಬಾಗುತ್ತದೆ, ಬಾಗಿದ್ದು ಮತ್ತೆ ನೇರವಾಗುವುದಿಲ್ಲ. ಅಡಿಯೊಂದಕ್ಕೆ ಇಷ್ಟು ತೂಕ ಎಂದಿದ್ದಾಗ, ಆಧಾರಗಳ ನಡುವಿನ ದೂರ ಎರಡು ಪಟ್ಟಾದರೆ ಬಾಗು ಹದಿನಾರು ಪಟ್ಟಾಗುತ್ತದೆ. ನಮ್ಮ ಕಪಾಟಿನಲ್ಲಿ ನಡುಹಲಗೆ ಇಲ್ಲದಿದ್ದರೆ ಖಾನೆ 860 ಎಂಎಂ ಉದ್ದ. ಇರುವುದರಿಂದ ಒಂದೊಂದೂ 420. ಕಬ್ಬಿಣದ ಪಟ್ಟಿ, ದಪ್ಪ ಹಲಗೆ ಎಂದೆಲ್ಲ ಖರ್ಚು ಮಾಡುವುದಕ್ಕಿಂತ ಈ ಒಂದು ನಿಲುವು ಹಲಗೆ ಹೆಚ್ಚು ಕೆಲಸ ಮಾಡುತ್ತದೆ.

ಎರಡು ಖಾನೆಗಳನ್ನು ಎತ್ತರ ಬದಲಿಸುವಂತೆ ಇಟ್ಟಿದ್ದೇವೆ. ಈಗ ಕತೆಪುಸ್ತಕ, ನಾಳೆ ಅಟ್ಲಾಸು. ಒಂದೊಂದು ಹಲಗೆಗೂ ನಾಲ್ಕು ಪಿನ್ನಿನಂತೆ ಎಂಟು. ಪ್ಲಾಸ್ಟಿಕ್ ಪಿನ್ ಬೇಡ, ಭಾರಕ್ಕೆ ನಿಧಾನವಾಗಿ ಬಾಗುತ್ತದೆ. ಇಲ್ಲಿ ಆಚಾರ್ರಿಗೆ ಒಂದು ಮಾತು ಹೇಳಬೇಕು: ನಡುಹಲಗೆಯಲ್ಲಿ ಎಡಗಡೆಯ ರಂಧ್ರಗಳೂ ಬಲಗಡೆಯವೂ ಒಂದೇ ಎತ್ತರದಲ್ಲಿ ಇರಬಾರದು. ಎರಡೂ ಕಡೆಯಿಂದ ಹತ್ತು ಹತ್ತು ಎಂಎಂ ಕೊರೆದರೆ ನಡುವೆ ಏನೂ ಉಳಿಯುವುದಿಲ್ಲ, ಒಂದು ಕಡೆಯ ಪಿನ್ ಒತ್ತಿದರೆ ಇನ್ನೊಂದು ಕಡೆಯದು ಹೊರಗೆ ಬರುತ್ತದೆ. ಅರ್ಧ ಇಂಚು ಮೇಲೆ ಕೆಳಗೆ ಮಾಡಿದರೆ ಆಯಿತು.

ಪಟ್ಟಿಯಲ್ಲಿ ಬಹಳ ಮಂದಿ ಬಿಟ್ಟೇಬಿಡುವ ಸಾಲು ಆರನೆಯದು, ಗೋಡೆಯ ಪ್ಲಗ್. ನಾಲ್ಕಡಿಯ ಕಪಾಟು ತಾನೆ, ತನ್ನ ಭಾರಕ್ಕೆ ತಾನೇ ನಿಲ್ಲುತ್ತದೆ ಎಂದುಕೊಳ್ಳುತ್ತೇವೆ. ಲೆಕ್ಕ ಹಾಕಿ ನೋಡಿ. ಖಾಲಿ ಕಪಾಟು ಅಂದಾಜು 35 ಕೆಜಿ. ಆಳ 30 ಸೆಂಟಿಮೀಟರ್ ಆದ್ದರಿಂದ ಅದರ ಭಾರ ಮುಂಬದಿಯ ಅಂಚಿನಿಂದ 15 ಸೆಂಟಿಮೀಟರ್ ಹಿಂದೆ ಕೂತಿರುತ್ತದೆ. ಮೇಲಿನ ಖಾನೆಯ ಪುಸ್ತಕ ಎಟುಕದೆ 25 ಕೆಜಿಯ ಮಗು ಕೆಳಗಿನ ಹಲಗೆಯ ಅಂಚಿಗೆ ಕಾಲಿಟ್ಟು, ಮೇಲಿನದನ್ನು ಹಿಡಿದು ಹಿಂದಕ್ಕೆ ಜೋತುಬಿದ್ದರೆ ಮಗುವಿನ ಭಾರ ಅಂಚಿನಿಂದ 20 ಸೆಂಟಿಮೀಟರ್ ಮುಂದೆ ಇರುತ್ತದೆ. 35ನ್ನು 15ರಿಂದ ಗುಣಿಸಿದರೆ 525. 25ನ್ನು 20ರಿಂದ ಗುಣಿಸಿದರೆ 500. ಅಂದರೆ ಕಪಾಟು ಮುಗ್ಗರಿಸುವ ಅಂಚಿನಲ್ಲಿದೆ, ಮಗು ಒಂದು ಸಲ ಜಗ್ಗಿದರೆ ಸಾಕು. ಅಪಾಯ ಹೆಚ್ಚಿರುವುದು ಹೊಸ ಕಪಾಟು ಬಂದ ದಿನ, ಪುಸ್ತಕ ಜೋಡಿಸುವ ಮೊದಲು. ಮಗುವಿಗೆ ಹುರುಪು ಹೆಚ್ಚಿರುವುದೂ ಆ ದಿನವೇ. ಬಟ್ಟೆಯ ಡ್ರಾಯರ್ ಪೆಟ್ಟಿಗೆಗಳು ಮಕ್ಕಳ ಮೇಲೆ ಬಿದ್ದು ಸಾವುಗಳಾಗಿ, ಅಮೆರಿಕದಲ್ಲಿ 2022ರಲ್ಲಿ ಅದಕ್ಕೆಂದೇ ಕಾನೂನು ತಂದರು. ನಮ್ಮಲ್ಲಿ ಎರಡು ಸ್ಕ್ರೂ ಹಾಕಲು ಕಾನೂನಿಗೆ ಕಾಯಬೇಕಾಗಿಲ್ಲ.

ಸ್ಕ್ರೂ ಎಲ್ಲಿ ಹಾಕುತ್ತಾರೆ ಎನ್ನುವುದನ್ನು ನೋಡಿಕೊಳ್ಳಿ. ಹಿಂಬದಿಯ ತೆಳು ಪ್ಲೈವುಡ್ಡಿಗೆ ಹಾಕಿದರೆ ಅದು ಹರಿದು ಬರುತ್ತದೆ. ಮೇಲಿನ ಹಲಗೆಯ ಕೆಳಗೆ, ಹಿಂದುಗಡೆ, 18 ಎಂಎಂ ಪ್ಲೈವುಡ್ಡಿನ ಮೂರಿಂಚಿನ ಪಟ್ಟಿಯೊಂದನ್ನು ಬದಿಗಳಿಗೆ ಭದ್ರವಾಗಿ ಸೇರಿಸಿ, ಅದರ ಮೂಲಕ ಗೋಡೆಗೆ ಸ್ಕ್ರೂ ಹೋಗಬೇಕು. ನಡುಹಲಗೆಯ ಆ ಕಡೆ ಒಂದು, ಈ ಕಡೆ ಒಂದು. ಮೂರಿಂಚು ಎಂದರೆ 75 ಎಂಎಂ. ಪಟ್ಟಿಯ ದಪ್ಪ 20, ಗೋಡೆಯ ಗಾರೆ 15, ಉಳಿದ 40 ಇಟ್ಟಿಗೆಯೊಳಗೆ. ಹಿಡಿತ ಕೊಡುವುದು ಇಟ್ಟಿಗೆ ಮಾತ್ರ, ಗಾರೆಯಲ್ಲಿ ಕೂತ ಪ್ಲಗ್ ಪುಡಿಯ ಸಮೇತ ಕೈಗೆ ಬರುತ್ತದೆ.

ಈ ಲೆಕ್ಕವನ್ನು ಕೆಡಿಸುವುದು ಸ್ಕರ್ಟಿಂಗ್. ನೆಲದಂಚಿನಲ್ಲಿ ಗೋಡೆಗೆ ಹಚ್ಚಿದ ಟೈಲ್ಸ್ ಪಟ್ಟಿ ಹತ್ತು ಹನ್ನೆರಡು ಎಂಎಂ ಮುಂದಕ್ಕೆ ಬಂದಿರುತ್ತದೆ. ಕಪಾಟಿನ ಬುಡ ಅದಕ್ಕೆ ತಾಗಿ ನಿಂತರೆ ಮೇಲೆ ಗೋಡೆಗೂ ಪಟ್ಟಿಗೂ ಅಷ್ಟೇ ಸಂದು ಬೀಳುತ್ತದೆ, ಇಟ್ಟಿಗೆಯೊಳಗೆ ಹೋಗಬೇಕಿದ್ದ 40ರಲ್ಲಿ 12 ಅಲ್ಲೇ ಖರ್ಚಾಗುತ್ತದೆ. ಸ್ಕ್ರೂ ಬಿಗಿ ಮಾಡಿದಂತೆ ಕಪಾಟಿನ ತಲೆ ಹಿಂದಕ್ಕೆ ವಾಲುತ್ತದೆ, ಬಾಗಿಲುಗಳ ಸಾಲು ತಪ್ಪುತ್ತದೆ. ಪ್ಲೈವುಡ್ ಕೊಯ್ಯುವಾಗಲೇ ಮೂರೂ ನಿಲುವು ಹಲಗೆಗಳ ಹಿಂದಿನ ಬುಡದಲ್ಲಿ ಸ್ಕರ್ಟಿಂಗಿನಷ್ಟು ಕಚ್ಚು ತೆಗೆದರೆ ಈ ತಾಪತ್ರಯವೇ ಇಲ್ಲ. ಮೆಸೇಜಿನಲ್ಲಿ ‘ಸ್ಕರ್ಟಿಂಗ್ ಇದೆ’ ಎಂಬ ಎರಡು ಪದ ಇರುವುದು ಅದಕ್ಕೆ.

‘ಗೋಡೆ ಇಟ್ಟಿಗೆಯದು’ ಎಂದೂ ಬರೆದಿದೆ. ಸುಟ್ಟ ಇಟ್ಟಿಗೆ, ಗಟ್ಟಿ ಸಿಮೆಂಟ್ ಬ್ಲಾಕ್ ಎರಡಕ್ಕೂ 8 ಎಂಎಂ ಪ್ಲಗ್ ನಡೆಯುತ್ತದೆ. ಈಚಿನ ಅಪಾರ್ಟ್‌ಮೆಂಟುಗಳ ಹಗುರ ಎಎಸಿ ಬ್ಲಾಕಿನಲ್ಲಿ ಅದು ನಿಲ್ಲುವುದಿಲ್ಲ. ಅದಕ್ಕೆಂದೇ ಇರುವ ಉದ್ದದ ಪ್ಲಗ್ ಬೇಕು, ಡ್ರಿಲ್ ಮೆಷಿನ್ನಿನ ಹ್ಯಾಮರ್ ಬಂದ್ ಮಾಡಿ ಕೊರೆಯಬೇಕು. ಇಲ್ಲದಿದ್ದರೆ ರಂಧ್ರ ಬಾಯಿ ಬಿಟ್ಟುಕೊಳ್ಳುತ್ತದೆ. ನಿಮ್ಮ ಗೋಡೆ ಯಾವುದೆಂದು ಗೊತ್ತಿಲ್ಲದಿದ್ದರೆ ಕೊರೆಯುವಾಗ ಬೀಳುವ ಪುಡಿ ನೋಡಿ: ಕೆಂಪಾದರೆ ಇಟ್ಟಿಗೆ, ಬೂದು ಬಣ್ಣದ ಒರಟು ಪುಡಿಯಾದರೆ ಸಿಮೆಂಟ್ ಬ್ಲಾಕ್. ಬಿಟ್ ಸಲೀಸಾಗಿ ಒಳಗೆ ಹೋಗಿ ಹಿಟ್ಟಿನಂಥ ತಿಳಿ ಪುಡಿ ಬಂದರೆ ಎಎಸಿ. ಕರಾವಳಿಯ ಮುರಕಲ್ಲಿನ ಗೋಡೆಯಲ್ಲಿ ಕಲ್ಲಿನ ತೂತುಗಳಿಗೆ ಪ್ಲಗ್ ಸಡಿಲಾಗುವುದುಂಟು, ಒಂದಿಂಚು ಪಕ್ಕಕ್ಕೆ ಸರಿದು ಮತ್ತೆ ಕೊರೆಯಬೇಕಾಗುತ್ತದೆ. ಮಂಗಳೂರು, ಉಡುಪಿ ಕಡೆಯವರು ಸ್ಕ್ರೂ, ಹಿಂಜ್ ಎಲ್ಲವನ್ನೂ ಸ್ಟೇನ್‌ಲೆಸ್ ಸ್ಟೀಲಿನದೇ ತರಿಸುವುದು ಲೇಸು. ಬಿಳಿ ಹೊಳಪಿನ ಲೇಪದ ಸ್ಕ್ರೂಗಳಿಗೆ ಅಲ್ಲಿನ ಮಳೆಗಾಲ ಬಹಳ ದಿನ ಆಯುಸ್ಸು ಕೊಡುವುದಿಲ್ಲ.

ಉಳಿದ ಎರಡು ಸಾಲುಗಳಿಗೆ ಹೆಚ್ಚು ಮಾತು ಬೇಡ. ವೈರ್ ಮ್ಯಾನೇಜರ್ ಎಂದರೆ ಮೇಜಿನ ಮೇಲಿಂದ ವೈರು ಇಳಿಸುವ ಮುಚ್ಚಳದ ತೂತು. 60 ಎಂಎಂ ಇದ್ದರೆ ದಪ್ಪ ಪ್ಲಗ್ಗೂ ತೂರುತ್ತದೆ. ಬುಷ್ ಹಾಕುವುದು ನೆಲ ಒರೆಸುವ ನೀರು ಪ್ಲೈವುಡ್ಡಿನ ಅಂಚು ಹೀರದಿರಲಿ ಎಂದು; ಪ್ರತಿ ನಿಲುವು ಹಲಗೆಗೆ ಎರಡರಂತೆ ಕಪಾಟಿಗೆ ಆರು, ಮೇಜಿನ ಪೆಟ್ಟಿಗೆಗೆ ನಾಲ್ಕು, ಎಡಗಾಲಿಗೆ ಎರಡು. ಬೀಗ ಬೇಡ ಎಂದದ್ದು ನನ್ನ ಹಟ. ಮಕ್ಕಳು ಕೀಲಿ ಕಳೆಯುತ್ತಾರೆ, ಡ್ರಾಯರ್ ತೆರೆಯಲು ಆಚಾರ್ರನ್ನೇ ಮತ್ತೆ ಕರೆಸಬೇಕಾಗುತ್ತದೆ. ನಿಮ್ಮ ಮಗಳು ಡೈರಿ ಬರೆಯುವವಳಾದರೆ ಅವಳನ್ನೇ ಕೇಳಿ.

ಮೆಸೇಜು ಹೋದ ಮೇಲೆ ಏನು ಉತ್ತರ ಬರುತ್ತದೆ ಎನ್ನುವುದನ್ನು ಗಮನಿಸಿ. ಹೆಬ್ಬೆರಳಿನ ಚಿತ್ರವೊಂದು ಬಂದು ಸುಮ್ಮನಾದರೆ ಒಂದು ಫೋನ್ ಮಾಡುವುದು ಒಳ್ಳೆಯದು. ಕೆಲಸ ಬಲ್ಲವರು ತಿರುಗಿ ಕೇಳುತ್ತಾರೆ. ‘ಮೇಡಂ, ಒಳಗಡೆನೂ ಮೈಕಾ ಬರ್ತದಾ? ಬರೋದಾದ್ರೆ ಡ್ರಾಯರ್ ಅಳತೆ ಆಮೇಲೆ ತಗೋತೀನಿ.’ ‘ಸ್ಕರ್ಟಿಂಗ್ ಎಷ್ಟು ಇಂಚು ಎತ್ತರ ಇದೆ, ಒಂದ್ ಫೋಟೊ ಹಾಕಿ.’ ಇಂಥ ಎರಡು ಪ್ರಶ್ನೆ ಬಂದರೆ ನಿಮ್ಮ ಮೇಜು ಸರಿಯಾದ ಕೈಗೆ ಬಿದ್ದಿದೆ. ಬೆಂಗಳೂರಿನಲ್ಲಿ ಈಗ ಈ ಕೆಲಸ ಮಾಡುವವರಲ್ಲಿ ರಾಜಸ್ಥಾನದ ಕಡೆಯವರು ಬಹಳ. ಕನ್ನಡ ಮಾತಾಡಲು ಬಂದರೂ ಓದಲು ಬಾರದಿರಬಹುದು. ಅವರಿಗೆ ಇದೇ ಪಟ್ಟಿಯನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಿ, ಅಂಕಿಗಳನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ಫೋಟೊ ಹಾಕಿದರೆ ಸಾಕು. 18 ಇಂಚು, 0 ಕ್ರ್ಯಾಂಕ್, 96 ಎಂಎಂ – ಇವು ಯಾವ ಭಾಷೆಯ ಅಂಗಡಿಯಲ್ಲೂ ಇವೇ.

ಕೆಲಸ ಮುಗಿದು ಬಾಕಿ ಹಣ ಎಣಿಸುವ ಮೊದಲು ಮೂರು ಪರೀಕ್ಷೆ ಮಾಡಿ. ಡ್ರಾಯರನ್ನು ಪೂರ್ತಿ ಎಳೆದು ಒಂದೇ ಬೆರಳಿನಲ್ಲಿ ಒಳಗೆ ದೂಡಿ. ಕಪಾಟಿನ ತಲೆಯನ್ನು ಎರಡು ಕೈಯಿಂದ ಹಿಡಿದು ನಿಮ್ಮ ಕಡೆ ಜಗ್ಗಿ. ಆಮೇಲೆ ಡ್ರಾಯರಿನ ಒಳಬದಿಗಳ ಮೇಲೆ, ಹಿಂದಿನ ಮೂಲೆಯವರೆಗೆ, ಅಂಗೈಯನ್ನು ನಿಧಾನವಾಗಿ ಆಡಿಸಿ ನೋಡಿ. ಚುಚ್ಚಿದರೆ ಆಚಾರ್ರನ್ನು ಅಲ್ಲೇ ನಿಲ್ಲಿಸಿ ಸ್ಕ್ರೂ ಬದಲಿಸಿಕೊಳ್ಳಿ, ಹತ್ತು ನಿಮಿಷದ ಕೆಲಸ.